ಮಿಲ್ಲಿಗೆ ಬಂದ ಸಬ್ಸಿಡಿ ಯಾವ ವರ್ಷದ ಲಾಭ?

ಸೆಪ್ಟೆಂಬರ್ ಕೊನೆಯ ವಾರ. ಕಲಬುರಗಿ ಜಿಲ್ಲೆಯ ಒಂದು ಊರಲ್ಲಿ, ತೊಗರಿ ಬೇಳೆ ಮಿಲ್ಲಿನ ಅಂಗಳದಲ್ಲಿ ಜಮಖಾನ ಹಾಸಿ ರೈತ ಉತ್ಪಾದಕ ಕಂಪನಿಯ ವಾರ್ಷಿಕ ಸಭೆ ಕೂಡಿತ್ತು. ಕಂಪನಿಯ ಲೆಕ್ಕ ಬರೆದುಕೊಡುವವನು ನಾನು. ವರ್ಷದ ಲಾಭ 1,10,000 ರೂಪಾಯಿ ಎಂದು ಓದಿ ಹಾಳೆ ಮಡಚುವಷ್ಟರಲ್ಲಿ ಮುಂದಿನ ಸಾಲಿನ ಹಿರಿಯರೊಬ್ಬರು ಎದ್ದು ನಿಂತರು.

"ಸಾಹೇಬ್ರ, ಸರ್ಕಾರದಿಂದ ಹತ್ತೂವರಿ ಲಕ್ಷ ಸಬ್ಸಿಡಿ ಬಂದದ ಅಂತ ಊರಿಗೆಲ್ಲ ಗೊತ್ತದ. ನೀವು ಲಾಭದಾಗ ಬರೇ ಎಪ್ಪತ್ತು ಸಾವಿರ ತೋರ್ಸೀರಿ. ಉಳದ ರೊಕ್ಕ ಎಲ್ಲಿ ಹೋಯ್ತು?"

ಸಭೆ ಗಪ್ಪಾಯಿತು. ಪ್ರಶ್ನೆಯಲ್ಲಿ ಅನುಮಾನವಿತ್ತು, ಆದರೆ ಪ್ರಶ್ನೆ ತಪ್ಪಾಗಿರಲಿಲ್ಲ. ಷೇರು ಹಾಕಿದ ರೈತ ಕೇಳಲೇಬೇಕಾದ ಪ್ರಶ್ನೆ ಅದು. ಅಂದು ಅವರಿಗೆ ಕೊಟ್ಟ ಉತ್ತರವನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ. ಲೆಕ್ಕ ಹಿಡಿಯಲು ಸುಲಭವಾಗಲಿ ಎಂದು ಅಂಕಿಗಳನ್ನು ದುಂಡಗೆ ಮಾಡಿಕೊಂಡಿದ್ದೇನೆ.

ಮಿಲ್ಲಿನ ಯಂತ್ರಗಳ ಬೆಲೆ 30 ಲಕ್ಷ. ಕಾಳು ಸ್ವಚ್ಛ ಮಾಡುವ ಯಂತ್ರ, ಸಿಪ್ಪೆ ತೆಗೆಯುವ ರೋಲರ್, ಬೇಳೆ ಒಡೆಯುವ ಯಂತ್ರ, ಗ್ರೇಡರ್ ಎಲ್ಲ ಸೇರಿ. ಏಪ್ರಿಲ್ 1ರಿಂದ ಮಿಲ್ ಓಡತೊಡಗಿತು. ಕೇಂದ್ರದ ಕಿರು ಆಹಾರ ಸಂಸ್ಕರಣಾ ಯೋಜನೆಯಲ್ಲಿ, ಅಂದರೆ 2020ರಲ್ಲಿ ಶುರುವಾದ, ಎಲ್ಲರೂ ಪಿಎಂಎಫ್ಎಂಇ ಎಂದು ಕರೆಯುವ ಯೋಜನೆಯಲ್ಲಿ, ಶೇ 35ರಷ್ಟು ಸಬ್ಸಿಡಿ ಸಿಗುತ್ತದೆ. 30 ಲಕ್ಷಕ್ಕೆ ಅದು ಹತ್ತೂವರೆ ಲಕ್ಷ. ಯಂತ್ರ ಎಷ್ಟು ವರ್ಷ ಬಾಳುತ್ತದೆ ಎಂಬುದಕ್ಕೆ ಕಂಪನಿ ಕಾಯ್ದೆಯ ಎರಡನೇ ಅನುಸೂಚಿ ಸಾಮಾನ್ಯ ಯಂತ್ರಗಳಿಗೆ 15 ವರ್ಷ ಎನ್ನುತ್ತದೆ. ಗುಜರಿ ಬೆಲೆಯನ್ನು ಸೊನ್ನೆ ಎಂದು ಹಿಡಿದರೆ ವರ್ಷಕ್ಕೆ ಸವಕಳಿ 2 ಲಕ್ಷ ರೂಪಾಯಿ.

ಹಿರಿಯರಿಗೆ ನಾನು ಮೊದಲು ಕೇಳಿದ್ದು ಇಷ್ಟು: "ಯಜಮಾನ್ರ, 30 ಲಕ್ಷದ ಮಿಲ್ಲಿನ ಖರ್ಚು ಈ ವರ್ಷದ ಲೆಕ್ಕದಾಗ ಎಷ್ಟು ಹಾಕೀವಿ?" ಅವರು ಹಾಳೆ ನೋಡಿ "ಎರಡು ಲಕ್ಷ" ಎಂದರು. ಉಳಿದ 28 ಲಕ್ಷವನ್ನು ಯಾಕೆ ಹಾಕಲಿಲ್ಲ ಎಂದರೆ, ಅದು ಮುಂದಿನ 14 ವರ್ಷಗಳ ಪಾಲು ಎಂದು ಅವರಿಗೇ ಗೊತ್ತಿತ್ತು. ಯಂತ್ರದ ಬೆಲೆಯನ್ನು 15 ವರ್ಷಕ್ಕೆ ಹಂಚುವುದಾದರೆ, ಆ ಬೆಲೆಯಲ್ಲಿ ಪಾಲು ಹೊರಲೆಂದು ಬಂದ ಸಬ್ಸಿಡಿಯನ್ನು ಒಂದೇ ವರ್ಷದ ಗಳಿಕೆ ಎನ್ನಲು ಬರುವುದಿಲ್ಲ. ಅದೂ ಅದೇ 15 ವರ್ಷಕ್ಕೆ, ಅದೇ ಅಳತೆಯಲ್ಲಿ ಹಂಚಿಕೆಯಾಗಬೇಕು. ಹತ್ತೂವರೆ ಲಕ್ಷವನ್ನು 15ರಿಂದ ಭಾಗಿಸಿದರೆ 70,000. ಆ ವರ್ಷ ಲಾಭಕ್ಕೆ ಸೇರಿದ್ದು ಅಷ್ಟು. ಉಳಿದ 9,80,000 ಆಸ್ತಿ–ಜವಾಬ್ದಾರಿ ತಖ್ತೆಯಲ್ಲಿ ಜವಾಬ್ದಾರಿಯ ಕಡೆ, 'ಮುಂದೂಡಿದ ಸರ್ಕಾರಿ ಸಹಾಯಧನ' ಎಂಬ ಬೇರೆ ಸಾಲಿನಲ್ಲಿ ಕೂತಿತ್ತು.

"ಜವಾಬ್ದಾರಿ ಅಂದ್ರ ಸಾಲೇನ್ರಿ? ತಿರುಗಿ ಕಟ್ಟಬೇಕೇನು?" ಎಂದು ಹಿಂದಿನಿಂದ ಹೆಣ್ಣುಮಗಳೊಬ್ಬಳು ಕೇಳಿದಳು. ಕಟ್ಟಬೇಕಿಲ್ಲ. ಯೋಜನೆಯ ಷರತ್ತು ಮುರಿಯದಿದ್ದರೆ ಆ ದುಡ್ಡು ಕಂಪನಿಯದೇ. ಲಾಭ ಎಂದು ಕರೆಯುವ ವರ್ಷ ಇನ್ನೂ ಬಂದಿಲ್ಲ, ಅಷ್ಟಕ್ಕೇ ಅದು ಆ ಕಡೆ ಕೂತಿರುವುದು. ಬಿತ್ತನೆಗೆಂದು ಎತ್ತಿಟ್ಟ ಕಾಳನ್ನು ಮಾರಾಟದ ರಾಶಿಯಲ್ಲಿ ಅಳೆಯುವುದಿಲ್ಲವಲ್ಲ ಎಂದೆ. ಆಕೆಗೆ ಒಪ್ಪಿಗೆಯಾಯಿತು.

ಹಂಚದೆ ಒಂದೇ ಸಲಕ್ಕೆ ಲಾಭಕ್ಕೆ ಹಾಕಿದರೆ ಏನಾಗುತ್ತದೆ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹೆಸರು ಬೇಡ, ಅದೂ ಇಂಥದೇ ಒಂದು ರೈತರ ಕಂಪನಿ. ಅಲ್ಲಿಯ ಕಥೆಯನ್ನು ಈ ಮಿಲ್ಲಿನ ಅಂಕಿಗಳಲ್ಲೇ ಹೇಳುತ್ತೇನೆ. ಬೇಳೆ ಮಾಡಿಕೊಟ್ಟ ಕೂಲಿಯಿಂದ ಕರೆಂಟು, ಸಂಬಳ, ರಿಪೇರಿ, ಬಡ್ಡಿ ಎಲ್ಲ ಕಳೆದು ವರ್ಷಕ್ಕೆ 2,40,000 ಉಳಿಯುತ್ತದೆ ಎಂದುಕೊಳ್ಳಿ. ಸರಿಯಾದ ಲೆಕ್ಕದಲ್ಲಿ ಅದರಿಂದ ಸವಕಳಿ 2 ಲಕ್ಷ ಕಳೆದು, ಸಬ್ಸಿಡಿಯ ಪಾಲು 70,000 ಕೂಡಿದರೆ ಲಾಭ 1,10,000. ವ್ಯವಹಾರ ಹೀಗೇ ನಡೆದರೆ ಪ್ರತಿ ವರ್ಷವೂ ಅಷ್ಟೇ. ತಪ್ಪು ಲೆಕ್ಕದಲ್ಲಿ ಮೊದಲ ವರ್ಷದ ಲಾಭ 10,90,000 ಆಗುತ್ತದೆ, ಎರಡನೇ ವರ್ಷದಿಂದ ಬರೀ 40,000.

ಹತ್ತು ಲಕ್ಷ ದಾಟಿದ ಲಾಭ ನೋಡಿದ ಸದಸ್ಯರು ಬೋನಸ್ ಕೇಳದೆ ಇರುತ್ತಾರೆಯೇ? ನಿರ್ದೇಶಕರೂ ಸಂಭ್ರಮದಲ್ಲಿದ್ದರು. ಲಾಭದ ಅರ್ಧದಷ್ಟು ಹಂಚಲು ಠರಾವು ಆಯಿತು. ಆದರೆ ಹಂಚಲು ದುಡ್ಡೆಲ್ಲಿ? ಸಬ್ಸಿಡಿ ಯಂತ್ರದ ಬೆಲೆಗೇ ಹೋಗಿತ್ತು. ಕೊನೆಗೆ ಸುಗ್ಗಿಯಲ್ಲಿ ತೊಗರಿ ಕೊಳ್ಳಲು ಇಟ್ಟಿದ್ದ ದುಡಿಯುವ ಬಂಡವಾಳದಿಂದ ಬೋನಸ್ ಕೊಟ್ಟರು. ಜನವರಿಯಲ್ಲಿ ಹೊಸ ತೊಗರಿ ಬಂದಾಗ ಕೈ ಖಾಲಿ. ಮುಂದಿನ ವರ್ಷ ಲಾಭ ದಬ್ಬನೆ ಇಳಿದದ್ದು ನೋಡಿ, ಹೊಸ ಸಿಇಒ ದುಡ್ಡು ತಿಂದಿದ್ದಾನೆ ಎಂಬ ಮಾತು ಹಬ್ಬಿತು. ಆ ಹುಡುಗ ಒಂದು ರೂಪಾಯಿಯನ್ನೂ ಮುಟ್ಟಿರಲಿಲ್ಲ. ವ್ಯವಹಾರ ಹಿಂದಿನ ವರ್ಷದಷ್ಟೇ ಚೆನ್ನಾಗಿ ನಡೆದಿತ್ತು. ಅವನು ಕೆಲಸ ಬಿಟ್ಟು ಹೋದ. ಆ ಸಂಕಟ ನನ್ನ ಮನಸ್ಸಿನಿಂದ ಇನ್ನೂ ಹೋಗಿಲ್ಲ. ಅದಕ್ಕೇ ಈ ಒಂದು ಸಾಲಿನ ಬಗ್ಗೆ ನಾನು ಪಟ್ಟು ಹಿಡಿಯುತ್ತೇನೆ.

ನಮ್ಮ ದೇಶದಲ್ಲಿ ಇದಕ್ಕೆ ನಿಯಮವಿದೆ. ಚಾರ್ಟರ್ಡ್ ಅಕೌಂಟೆಂಟರ ಸಂಸ್ಥೆ ರೂಪಿಸಿದ ಲೆಕ್ಕಪತ್ರ ಮಾನದಂಡಗಳಲ್ಲಿ 12ನೆಯದು ಪೂರ್ತಿ ಸರ್ಕಾರಿ ಸಹಾಯಧನದ ಬಗ್ಗೆಯೇ ಇದೆ. ಯಂತ್ರ ಕೊಳ್ಳಲು ಬಂದ ಸಹಾಯಧನಕ್ಕೆ ಅದು ಎರಡು ದಾರಿ ತೋರಿಸುತ್ತದೆ. ಒಂದು ಮೇಲೆ ಹೇಳಿದ್ದು. ಇನ್ನೊಂದು, ಯಂತ್ರದ ಬೆಲೆಯಿಂದಲೇ ಸಬ್ಸಿಡಿ ಕಳೆದುಬಿಡುವುದು. ಆಗ ಪುಸ್ತಕದಲ್ಲಿ ಮಿಲ್ಲಿನ ಬೆಲೆ ಹತ್ತೊಂಬತ್ತೂವರೆ ಲಕ್ಷ, ವರ್ಷದ ಸವಕಳಿ 1,30,000. ಲಾಭ ಎರಡರಲ್ಲೂ ಒಂದೇ: ಎರಡು ಲಕ್ಷ ಕಳೆದು ಎಪ್ಪತ್ತು ಸಾವಿರ ಕೂಡಿದರೂ, ನೇರವಾಗಿ ಒಂದು ಲಕ್ಷ ಮೂವತ್ತು ಸಾವಿರ ಕಳೆದರೂ ಉಳಿಯುವುದು ಅಷ್ಟೇ. ಬರವಣಿಗೆ ಕಡಿಮೆ ಎಂದು ಹಲವರು ಎರಡನೇ ದಾರಿ ಹಿಡಿಯುತ್ತಾರೆ. ನನಗೆ ಮೊದಲನೆಯದೇ ಇಷ್ಟ. ಯಾಕೆ ಎಂಬುದು ಹಿರಿಯರ ಎರಡನೇ ಪ್ರಶ್ನೆಯ ಹೊತ್ತಿಗೆ ತಿಳಿಯುತ್ತದೆ.

ಮೂರನೆಯ ದಾರಿಯೊಂದನ್ನೂ ಕೆಲವು ಕಡೆ ನೋಡುತ್ತೇನೆ. ಇಡೀ ಸಬ್ಸಿಡಿಯನ್ನು 'ಬಂಡವಾಳ ಮೀಸಲು' ಎಂಬ ಖಾತೆಗೆ ಹಾಕಿ ಮರೆತುಬಿಡುವುದು. ಸವೆಯದ ಆಸ್ತಿಗೆ, ಉದಾಹರಣೆಗೆ ಬರೀ ಜಮೀನಿಗೆ, ಬಂದ ಸಹಾಯಧನಕ್ಕೆ ಅದು ಸರಿ. ಸವೆಯುವ ಮಿಲ್ಲಿಗೆ ಸರಿಯಲ್ಲ. ಹಾಗೆ ಮಾಡಿದರೆ ಸವಕಳಿ ಮಾತ್ರ ವರ್ಷ ವರ್ಷ ಲಾಭವನ್ನು ತಿನ್ನುತ್ತದೆ, ಅದಕ್ಕೆ ಆಸರೆಯಾಗಿ ಬಂದ ದುಡ್ಡು ಎಂದೂ ಲೆಕ್ಕಕ್ಕೆ ಇಳಿಯುವುದೇ ಇಲ್ಲ.

ಇನ್ನು, ಸಬ್ಸಿಡಿಯನ್ನು ಪುಸ್ತಕದಲ್ಲಿ ಬರೆಯುವುದು ಯಾವಾಗ? ಮಂಜೂರಾತಿ ಪತ್ರ ಕೈಗೆ ಬಂದ ದಿನವೇ ಬರೆದುಬಿಡುವ ಆತುರ ಬೇಡ. ಷರತ್ತುಗಳನ್ನು ಪಾಲಿಸುತ್ತೇವೆ ಎಂಬ ಭರವಸೆಗೆ ಆಧಾರ ಬೇಕು, ದುಡ್ಡು ಬಂದೇ ಬರುತ್ತದೆ ಎಂಬುದೂ ಹೆಚ್ಚುಕಡಿಮೆ ಖಾತ್ರಿಯಾಗಿರಬೇಕು. ಪಿಎಂಎಫ್ಎಂಇ ಯೋಜನೆಯಲ್ಲಿ ಇದು ಸ್ವಲ್ಪ ಸೂಕ್ಷ್ಮ, ಏಕೆಂದರೆ ಸಬ್ಸಿಡಿ ಫಲಾನುಭವಿಯ ಕೈಗೆ ಬರುವುದೇ ಇಲ್ಲ. ಸಾಲ ಕೊಟ್ಟ ಬ್ಯಾಂಕಿನಲ್ಲಿ ಬೇರೆ ಖಾತೆಯಲ್ಲಿ ಇರುತ್ತದೆ. ಸಾಲದ ಕೊನೆಯ ಕಂತು ಬಿಡುಗಡೆಯಾಗಿ ಮೂರು ವರ್ಷ ಕಳೆದ ಮೇಲೆ, ಘಟಕ ನಡೆಯುತ್ತಿದ್ದು ಸಾಲದ ಖಾತೆ ಕೆಟ್ಟಿಲ್ಲದಿದ್ದರೆ, ಅದನ್ನು ಸಾಲಕ್ಕೆ ಹೊಂದಿಸುತ್ತಾರೆ. ಆ ಮೂರು ವರ್ಷ ಅದು ಕಂಪನಿಯ ಹೆಸರಿನಲ್ಲಿದ್ದರೂ ಕಂಪನಿಯ ಕೈಯಲ್ಲಿಲ್ಲ.

ಆಗ ನಾನು ಮಿಲ್ಲಿನ ಸ್ಥಿತಿ ನೋಡುತ್ತೇನೆ. ಕಂತು ತಪ್ಪದೆ ಹೋಗುತ್ತಿದೆಯೇ, ಕರೆಂಟು ಬಿಲ್ಲಿನಲ್ಲಿ ಓಟ ಕಾಣುತ್ತಿದೆಯೇ, ಅಧಿಕಾರಿಗಳ ತಪಾಸಣೆ ಮುಗಿದಿದೆಯೇ. ಎಲ್ಲ ಸರಿಯಿದ್ದರೆ ಬ್ಯಾಂಕಿಗೆ ಸಬ್ಸಿಡಿ ಬಂದು ಬಿದ್ದಾಗ ಅದನ್ನು ಪುಸ್ತಕಕ್ಕೆ ತೆಗೆದುಕೊಂಡು ಹಂಚಲು ಶುರು ಮಾಡುತ್ತೇನೆ. ಹಂಗಾಮಿನಲ್ಲೇ ಮಿಲ್ಲಿಗೆ ಬೀಗ ಬಿದ್ದಿದ್ದು ಮೂರು ಕಂತು ಬಾಕಿಯಿದ್ದರೆ, ಬ್ಯಾಂಕಿನಲ್ಲಿ ದುಡ್ಡಿದ್ದರೂ ಅದನ್ನು ನಮ್ಮದೆನ್ನಲು ಕೈ ಬರುವುದಿಲ್ಲ.

ಹಂಚಿಕೆಯ ಬರವಣಿಗೆ ಕಷ್ಟವೇನಲ್ಲ. ಟ್ಯಾಲಿಯಲ್ಲಿ ವರ್ಷಕ್ಕೊಂದು ಜರ್ನಲ್: ಮುಂದೂಡಿದ ಸಹಾಯಧನ ಖಾತೆಗೆ 70,000 ಡೆಬಿಟ್, ಇತರ ಆದಾಯಕ್ಕೆ 70,000 ಕ್ರೆಡಿಟ್. ಬ್ಯಾಂಕ್ ಖಾತೆ ಇದರಲ್ಲಿ ಎಲ್ಲೂ ಬರುವುದಿಲ್ಲ ಎಂಬುದನ್ನು ಗಮನಿಸಿ. ಈ ಎಪ್ಪತ್ತು ಸಾವಿರ ಲಾಭದಲ್ಲಿ ಕಾಣುತ್ತದೆ, ಗಲ್ಲಾಪೆಟ್ಟಿಗೆಯಲ್ಲಿ ಕಾಣುವುದಿಲ್ಲ. ಸವಕಳಿಯೂ ಹಾಗೇ, ಖರ್ಚಿನಲ್ಲಿ ಕಾಣುತ್ತದೆ, ಹೊರಗೆ ಹೋಗುವುದಿಲ್ಲ. ಮುಂದೂಡಿದ 9,80,000ವನ್ನು ನೋಡಿ 'ಎಲ್ಲೋ ದುಡ್ಡು ಇಟ್ಟಿದ್ದಾರೆ' ಎಂದುಕೊಳ್ಳುವವರು ಬಹಳ. ಆ ದುಡ್ಡು ರೋಲರ್ ಆಗಿ, ಮೋಟರ್ ಆಗಿ ಕಣ್ಣೆದುರಿಗೇ ನಿಂತಿದೆ.

ಹೆಚ್ಚಿನ ತಪ್ಪುಗಳಾಗುವುದು ಮೊದಲ ವರ್ಷವೇ. ಮಿಲ್ ಏಪ್ರಿಲ್ 1ರ ಬದಲು ಅಕ್ಟೋಬರ್ 1ರಿಂದ ಓಡಿದ್ದರೆ ಆ ವರ್ಷದ ಸವಕಳಿ ಅರ್ಧ, 1 ಲಕ್ಷ. ಸಬ್ಸಿಡಿಯ ಪಾಲೂ ಅರ್ಧವೇ ಆಗಬೇಕು, 35,000. ಸವಕಳಿಯನ್ನು ಅರ್ಧ ಮಾಡಿ ಸಬ್ಸಿಡಿಯನ್ನು ಪೂರ್ತಿ ವರ್ಷಕ್ಕೆ ಇಳಿಸಿದ ಲೆಕ್ಕಗಳು ನನ್ನ ಕೈಗೆ ಎಷ್ಟೋ ಸಲ ಬಂದಿವೆ.

ಇದನ್ನು ಹಿಡಿಯಲು ಒಂದು ಸುಲಭದ ಪರೀಕ್ಷೆ ಇದೆ. ಲೆಕ್ಕ ಓದಲು ಬಾರದವರೂ ಮಾಡಬಹುದು. ತಖ್ತೆಯಲ್ಲಿ ಯಂತ್ರದ ಉಳಿದ ಬೆಲೆ ನೋಡಿ, ಮುಂದೂಡಿದ ಸಹಾಯಧನದ ಬಾಕಿ ನೋಡಿ. ಎರಡನೆಯದು ಮೊದಲನೆಯದರ ಶೇಕಡಾ ಎಷ್ಟು ಎಂದು ತೆಗೆಯಿರಿ. ನಮ್ಮ ಮಿಲ್ಲಿನಲ್ಲಿ ಮೊದಲ ವರ್ಷದ ಕೊನೆಗೆ 28 ಲಕ್ಷಕ್ಕೆ 9,80,000, ಅಂದರೆ ಶೇ 35. ಐದು ವರ್ಷವಾದ ಮೇಲೆ ಯಂತ್ರ 20 ಲಕ್ಷ, ಬಾಕಿ ಸಬ್ಸಿಡಿ 7 ಲಕ್ಷ, ಮತ್ತೆ ಶೇ 35. ಗುಜರಿ ಬೆಲೆ ಸೊನ್ನೆ ಎಂದು ಹಿಡಿದಿದ್ದು, ಸಬ್ಸಿಡಿಯನ್ನು ಮೊದಲಿನಿಂದಲೇ ಹಂಚಿದ್ದರೆ ಈ ಪಾಲು 15 ವರ್ಷವೂ ಕದಲುವುದಿಲ್ಲ. 31 ಆಗಿದ್ದರೆ ಸಬ್ಸಿಡಿ ಬೇಗ ಲಾಭಕ್ಕೆ ಹೋಗಿದೆ, 40 ಆಗಿದ್ದರೆ ಯಾವುದೋ ವರ್ಷ ಇಳಿಸುವುದನ್ನೇ ಮರೆತಿದ್ದಾರೆ. ಸಭೆಯಲ್ಲಿ ಒಬ್ಬ ಹುಡುಗ ಮೊಬೈಲ್ ತೆಗೆದು ಅಲ್ಲೇ ಭಾಗಿಸಿ "ಮೂವತ್ತೈದೇ ಬರ್ತದ" ಎಂದು ಕೂಗಿದ. ಅನುಮಾನದ ಗಾಳಿ ಅಲ್ಲಿಗೆ ಅರ್ಧ ಇಳಿಯಿತು.

ಯಂತ್ರ ಮಧ್ಯದಲ್ಲೇ ಹೋದರೆ? ಹತ್ತು ವರ್ಷ ಓಡಿಸಿ, ಹೊಸ ಮಾದರಿ ತರಲು ಹಳೆಯದನ್ನು 6 ಲಕ್ಷಕ್ಕೆ ಮಾರಿದಿರಿ ಎನ್ನೋಣ. ಪುಸ್ತಕದಲ್ಲಿ ಯಂತ್ರ ಇನ್ನೂ 10 ಲಕ್ಷ, ಹಾಗಾಗಿ 4 ಲಕ್ಷ ನಷ್ಟ. ಆದರೆ ಬಾಕಿ ಉಳಿದ ಸಬ್ಸಿಡಿ ಮೂರೂವರೆ ಲಕ್ಷವನ್ನೂ ಅದೇ ವರ್ಷ ಇಳಿಸಬೇಕು, ಅದು ಆಸರೆಯಾಗಿದ್ದ ಯಂತ್ರವೇ ಹೋದ ಮೇಲೆ ಮುಂದೂಡಲು ಕಾರಣವಿಲ್ಲ. ನಿಜವಾದ ನಷ್ಟ 50,000 ಮಾತ್ರ. ಯಂತ್ರವನ್ನು ಪುಸ್ತಕದಿಂದ ತೆಗೆದು, ಸಬ್ಸಿಡಿಯ ಬಾಕಿಯನ್ನು ಹಾಗೇ ಬಿಟ್ಟವರ ತಖ್ತೆಯಲ್ಲಿ ಆ ಸಾಲು ವಾರಸುದಾರರಿಲ್ಲದೆ ವರ್ಷಗಟ್ಟಲೆ ಉಳಿದುಬಿಡುತ್ತದೆ. ಮಾರುವ ಮುನ್ನ ಷರತ್ತಿನ ಅವಧಿ ಮುಗಿದಿದೆಯೇ ಎಂದು ಮಂಜೂರಾತಿ ಪತ್ರವನ್ನು ಓದಿಕೊಳ್ಳುವುದಂತೂ ಬೇಕೇ ಬೇಕು.

ಷರತ್ತು ಮುರಿದು ಸರ್ಕಾರ ದುಡ್ಡು ವಾಪಸ್ ಕೇಳಿದರೆ ಅದರ ಲೆಕ್ಕ ಬೇರೆ. ಐದು ವರ್ಷದ ಕೊನೆಗೆ ಇಡೀ ಹತ್ತೂವರೆ ಲಕ್ಷ ಕಟ್ಟಬೇಕಾಯಿತು ಎಂದರೆ, ಮೊದಲು ಬಾಕಿಯಿರುವ 7 ಲಕ್ಷವನ್ನು ತೆಗೆಯಬೇಕು. ಉಳಿದ ಮೂರೂವರೆ ಲಕ್ಷ, ಅಂದರೆ ಈಗಾಗಲೇ ಲಾಭ ಎಂದು ತೋರಿಸಿದ್ದು, ಆ ವರ್ಷದ ನಷ್ಟವಾಗುತ್ತದೆ. ಮೊದಲ ವರ್ಷವೇ ಎಲ್ಲವನ್ನೂ ಲಾಭ ಎಂದವರಿಗೆ ಇಡೀ ಹತ್ತೂವರೆ ಲಕ್ಷವೂ ಒಂದೇ ವರ್ಷ ತಲೆಯ ಮೇಲೆ ಬೀಳುತ್ತದೆ.

ಆದಾಯ ತೆರಿಗೆಯ ಲೆಕ್ಕ ಮಾತ್ರ ಇದರಿಂದ ಬೇರೆ ದಾರಿಯಲ್ಲಿ ಹೋಗುತ್ತದೆ. ಅದನ್ನು ಇದರ ಜೊತೆ ಬೆರೆಸಬಾರದು. 1994ರಲ್ಲಿ ಪಿ.ಜೆ. ಕೆಮಿಕಲ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಹಿಂದುಳಿದ ಪ್ರದೇಶದಲ್ಲಿ ಕೈಗಾರಿಕೆ ಹೂಡಿದ್ದಕ್ಕೆ ಪ್ರೋತ್ಸಾಹವಾಗಿ ಬಂದ ಸಬ್ಸಿಡಿಯನ್ನು ಯಂತ್ರದ ಬೆಲೆಯಿಂದ ಕಳೆಯಬೇಕಿಲ್ಲ ಎಂದಿತ್ತು. 1998ರಲ್ಲಿ ಸರ್ಕಾರ ಕಾಯ್ದೆಗೆ ವಿವರಣೆ ಸೇರಿಸಿ, ಆಸ್ತಿಯ ಬೆಲೆಯನ್ನು ನೇರವಾಗಿಯೋ ಪರೋಕ್ಷವಾಗಿಯೋ ಸಬ್ಸಿಡಿ ಭರಿಸಿದ್ದರೆ ಅಷ್ಟನ್ನು ಕಳೆಯಲೇಬೇಕು ಎಂದಿತು. ಹಾಗಾಗಿ ತೆರಿಗೆಗೆ ನಮ್ಮ ಮಿಲ್ಲಿನ ಬೆಲೆ ಹತ್ತೊಂಬತ್ತೂವರೆ ಲಕ್ಷ. ಅದರ ಮೇಲೆ ಶೇ 15ರ ದರದಲ್ಲಿ ಮೊದಲ ವರ್ಷದ ಸವಕಳಿ 2,92,500.

ಇಲ್ಲೊಂದು ಗುಂಡಿ ಇದೆ. ತೆರಿಗೆಯ ಲೆಕ್ಕದಲ್ಲಿ ಸಬ್ಸಿಡಿಯನ್ನು ಬೆಲೆಯಿಂದಲೇ ಕಳೆದಾಗಿದೆ. ಲಾಭ–ನಷ್ಟ ತಖ್ತೆಯಲ್ಲಿ ಕೂಡಿರುವ 70,000ವನ್ನು ತೆರಿಗೆಯ ಆದಾಯದಿಂದ ತೆಗೆಯದೆ ಬಿಟ್ಟರೆ ಅದೇ ಸಬ್ಸಿಡಿಗೆ ಎರಡು ಸಲ ತೆರಿಗೆ ಕಟ್ಟಿದಂತೆ. ರಿಟರ್ನ್ ತುಂಬುವಾಗ ಪುಸ್ತಕದ ಸವಕಳಿ 2 ಲಕ್ಷವನ್ನು ವಾಪಸ್ ಕೂಡಿ, 70,000ವನ್ನು ಕಳೆದು, ತೆರಿಗೆಯ ಸವಕಳಿಯನ್ನು ಕಳೆಯಬೇಕು. ಮೂರರಲ್ಲಿ ನಡುವಿನದನ್ನು ಮರೆಯುವವರೇ ಹೆಚ್ಚು.

ಹಿರಿಯರ ಎರಡನೇ ಪ್ರಶ್ನೆ ಬಂದದ್ದು ಚಹಾ ಬಂದ ಮೇಲೆ. "ಹದಿನೈದು ವರ್ಷ ಆದ ಮ್ಯಾಲ ಈ ಸಾಲು ಸೊನ್ನೆ ಆಗ್ತದ, ಮಿಲ್ಲೂ ಸೊನ್ನೆ ಆಗ್ತದ. ಆಗ ಹೊಸಾ ಮಿಲ್ಲಿಗೆ ಸರ್ಕಾರ ಮತ್ತ ಕೊಡ್ತದೇನು?"

ಕೊಡುತ್ತದೆ ಎಂದು ಹೇಳಲು ನನ್ನಿಂದಾಗದು. ಮಿಲ್ಲಿಗೆ ವರ್ಷಕ್ಕೆ 4,000 ಕ್ವಿಂಟಲ್ ತೊಗರಿ ಬರುತ್ತದೆ. ಯಂತ್ರದ ಸವೆತಕ್ಕೆಂದು ಕ್ವಿಂಟಲಿಗೆ ಎಷ್ಟು ಕೂಲಿ ಹಿಡಿಯಬೇಕು? ಸವಕಳಿ 2 ಲಕ್ಷ ಎಂದರೆ 50 ರೂಪಾಯಿ. ಸಬ್ಸಿಡಿ ಕಳೆದ ಪುಸ್ತಕ ನೋಡಿ 1,30,000 ಎಂದುಕೊಂಡರೆ 32 ರೂಪಾಯಿ 50 ಪೈಸೆ. ಬೆಲೆಯಿಂದಲೇ ಸಬ್ಸಿಡಿ ಕಳೆದುಬಿಟ್ಟ ಕಂಪನಿಯಲ್ಲಿ ಎರಡನೇ ಅಂಕಿಯೇ ಸತ್ಯವಾಗಿ ಕೂತಿರುತ್ತದೆ. ಮಿಲ್ಲಿಗೆ 30 ಲಕ್ಷ ಬಿದ್ದಿತ್ತು ಎಂಬುದು ಎರಡು ಸಲ ಆಡಳಿತ ಮಂಡಳಿ ಬದಲಾಗುವಷ್ಟರಲ್ಲಿ ಯಾರಿಗೂ ನೆನಪಿರುವುದಿಲ್ಲ. ಎರಡೂ ಅಂಕಿಗಳು ಎದುರುಬದುರಾಗಿ ಕಾಣುವ ಬರವಣಿಗೆಯನ್ನು ನಾನು ಹಿಡಿದುಕೊಂಡಿರುವುದು ಇದಕ್ಕೇ.

ಹಿರಿಯರು ಬೆರಳು ಮಡಚಿ ಲೆಕ್ಕ ಹಾಕಿದರು. ಹದಿನೇಳೂವರೆ ರೂಪಾಯಿಯ ವ್ಯತ್ಯಾಸ, ನಾಲ್ಕು ಸಾವಿರ ಕ್ವಿಂಟಲಿಗೆ ಎಪ್ಪತ್ತು ಸಾವಿರ, ಹದಿನೈದು ವರ್ಷಕ್ಕೆ ಹತ್ತೂವರೆ ಲಕ್ಷ. ಸರ್ಕಾರ ಕೊಟ್ಟ ಅಷ್ಟೇ ದುಡ್ಡು. ಮಾತುಕತೆ ಒಂದು ತಾಸು ನಡೆಯಿತು, ಕೂಲಿ ಇಳಿಸಬೇಕೆಂದವರೂ ಇದ್ದರು. ಕೊನೆಗೆ ಸವೆತದ ಕೂಲಿ ಕ್ವಿಂಟಲಿಗೆ 50 ರೂಪಾಯಿಯೇ ಇರಲಿ, ಅದರಲ್ಲಿ ಹದಿನೇಳೂವರೆ ರೂಪಾಯಿಯನ್ನು ಪ್ರತಿ ವರ್ಷ ಬೇರೆ ಠೇವಣಿಯಾಗಿ ಬ್ಯಾಂಕಿನಲ್ಲಿ ಇಡಬೇಕು ಎಂದು ಠರಾವು ಬರೆದರು. ಸೂಚಕರ ಜಾಗದಲ್ಲಿ ಆ ಹಿರಿಯರು ಸಹಿ ಹಾಕಿದರು.